ಐಸ್‌ಕ್ರೀಂ ಕಡ್ಡಿ ಸೇತುವೆ: ಎಲ್ಲಿ ಮುರಿಯುತ್ತದೆ ಎಂದು ಮೊದಲೇ ಬರೆದಿಟ್ಟು ಮುರಿಯುವುದು ಹೇಗೆ

ಸಿವಿಲ್ ಇಂಜಿನಿಯರಿಂಗ್ ಮಾಡೆಲ್ ಎಂದರೆ ಐಸ್‌ಕ್ರೀಂ ಕಡ್ಡಿಯ ಸೇತುವೆ ಎಲ್ಲರಿಗೂ ನೆನಪಾಗುತ್ತದೆ. ಕಡ್ಡಿ ಅಂಟಿಸುತ್ತಾರೆ, ಬಕೆಟ್ ನೇತುಹಾಕುತ್ತಾರೆ, ಅದು ಪಟ್ ಎಂದು ಮುರಿಯುತ್ತದೆ, "ಇಷ್ಟು ಕೆಜಿ ತಡೀತು" ಎಂದು ಚಾರ್ಟ್ ಮೇಲೆ ಬರೆಯುತ್ತಾರೆ. ಆ ಒಂದು ಸಂಖ್ಯೆಯಿಂದ ಕಲಿಯುವುದು ಕಡಿಮೆ. ಬಕೆಟ್‌ನ ಭಾರ ಯಾವ ಕಡ್ಡಿಯಿಂದ ಯಾವ ಕಡ್ಡಿಗೆ ಹೋಗಿ ಕೊನೆಗೆ ಟೇಬಲ್ ಸೇರುತ್ತದೆ, ಆ ದಾರಿಯಲ್ಲಿ ಸೋಲುವ ಜಾಗ ಯಾವುದು ಎಂದು ಮೊದಲೇ ಹೇಳುವುದೇ ಇಲ್ಲಿನ ಅಸಲಿ ಕೆಲಸ.

ಅದಕ್ಕೆ ಒಂದೇ ಅಳತೆಯ ಎರಡು ಸೇತುವೆ ಕಟ್ಟೋಣ. ಕಡ್ಡಿಗಳ ಸಂಖ್ಯೆ ಒಂದೇ, ತೂಕವೂ ಒಂದೇ. ಎಂಟು ಹೆಚ್ಚುವರಿ ಕಡ್ಡಿಗಳನ್ನು ಎಲ್ಲಿ ಅಂಟಿಸುತ್ತೇವೆ ಎನ್ನುವುದಷ್ಟೇ ವ್ಯತ್ಯಾಸ. ಒಬ್ಬರೇ ಎರಡನ್ನೂ ಕಟ್ಟಬಹುದು. ತರಗತಿಯಲ್ಲಾದರೆ ಎರಡು ತಂಡ ಮಾಡಿದರೆ ಇನ್ನೂ ಒಳ್ಳೆಯದು.

ಬೇಕಾಗುವ ಸಾಮಾನು

ಅಂಗಡಿಯಲ್ಲಿ ಪ್ಯಾಕೆಟ್‌ನಲ್ಲಿ ಸಿಗುವ ಸಾಮಾನ್ಯ ಕಡ್ಡಿ ಸುಮಾರು 114 ಮಿಲಿಮೀಟರ್ ಉದ್ದ, 10 ಅಗಲ, 2 ದಪ್ಪ ಇರುತ್ತದೆ. ಒಂದು ಸೇತುವೆಗೆ ಸುಮಾರು 90 ಕಡ್ಡಿ ಹಿಡಿಯುತ್ತದೆ. ಆದರೆ ಒಂದೊಂದು ಸೇತುವೆಗೂ 150 ತನ್ನಿ, ಯಾಕೆಂದರೆ ಎಲ್ಲವೂ ಕೆಲಸಕ್ಕೆ ಬರುವುದಿಲ್ಲ. ಪ್ರತಿ ಕಡ್ಡಿಯನ್ನೂ ಕಣ್ಣ ಹತ್ತಿರ ಹಿಡಿದು ಉದ್ದಕ್ಕೆ ನೋಡಿ. ಬಾಗಿದ್ದು, ತಿರುಚಿದ್ದು, ಗಂಟು ಇರುವುದು, ಮರದ ಗೆರೆ ಓರೆಯಾಗಿ ಅಂಚಿಗೆ ಓಡಿರುವುದು ಎಲ್ಲವನ್ನೂ ಪಕ್ಕಕ್ಕಿಡಿ. ಅವು ಅಡ್ಡಪಟ್ಟಿಗೆ ನಡೆಯುತ್ತವೆ.

ಅಂಟಿಗೆ ಬಡಗಿಗಳು ಬಳಸುವ ಬಿಳಿ ಫೆವಿಕಾಲ್ ಸಾಕು. ಗ್ಲೂ ಗನ್ ಬೇಡ. ಅದರ ಅಂಟು ಮೆತ್ತಗಿರುತ್ತದೆ, ಭಾರ ಬಿದ್ದಂತೆ ನಿಧಾನಕ್ಕೆ ಜಾರುತ್ತದೆ. ಜಾಯಿಂಟ್ ಜಾರಿದರೆ ಕಡ್ಡಿಗಳ ಬಗ್ಗೆ ಮಾಡಿದ ಲೆಕ್ಕ ಎಲ್ಲವೂ ಹಾಳು. ಇದರ ಜೊತೆಗೆ ಎರಡು ಮೂರು ಡಜನ್ ಬಟ್ಟೆ ಕ್ಲಿಪ್, ಸ್ಯಾಂಡ್‌ಪೇಪರ್, ಕಡ್ಡಿ ಕತ್ತರಿಸಲು ಗಟ್ಟಿ ಕಟರ್, ಗ್ರಾಫ್ ಹಾಳೆ, ಮೇಲೆ ಹಾಸಲು ಪ್ಲಾಸ್ಟಿಕ್ ಶೀಟ್ ಇರಲಿ. ಪರೀಕ್ಷೆಗೆ 10 ಎಂಎಂ ಕಬ್ಬಿಣದ ಸರಳಿನ ಗೇಣುದ್ದದ ತುಂಡು, ಗಟ್ಟಿ ಹಗ್ಗ, ಖಾಲಿ ಪೇಂಟ್ ಬಕೆಟ್, ಒಣ ಮರಳು. ಅಡುಗೆಮನೆಯ 10 ಕೆಜಿ ತಕ್ಕಡಿ ಒಂದು, ಮೈ ತೂಕ ನೋಡುವ ಮೆಷಿನ್ ಒಂದು ಬೇಕು.

ಮೊದಲು ಕಡ್ಡಿಯನ್ನೇ ಪರೀಕ್ಷಿಸಿ

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಪ್ರಾಜೆಕ್ಟ್‌ನ ಅರ್ಧ ಪಾಠ ಇಲ್ಲೇ ಇದೆ.

ಒಂದು ಕಡ್ಡಿಯನ್ನು ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ. ಮೇಲಿನ ತುದಿಯ ಮೇಲೆ ಚಪ್ಪಟೆ ಮರದ ತುಂಡು ಇಟ್ಟು ನಿಧಾನವಾಗಿ ಕೆಳಕ್ಕೆ ಒತ್ತಿ. ತಕ್ಕಡಿ ಒಂದು ಕೆಜಿ, ಎರಡು, ಮೂರು ಎಂದು ಏರುತ್ತಾ ಹೋಗುತ್ತದೆ. ಐದು ಕೆಜಿ ಆಸುಪಾಸಿನಲ್ಲಿ ಕಡ್ಡಿ ಥಟ್ಟನೆ ಬಿಲ್ಲಿನಂತೆ ಒಂದು ಬದಿಗೆ ಬಾಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಒತ್ತಿದರೂ ಬಾಗು ಜಾಸ್ತಿಯಾಗುತ್ತದೆ, ಅಂಕಿ ಏರುವುದಿಲ್ಲ. ಕೈ ಬಿಟ್ಟರೆ ಮತ್ತೆ ನೇರವಾಗುತ್ತದೆ. ಗಮನಿಸಿ, ಮರ ಮುರಿದಿಲ್ಲ. ಆದರೂ ಕಡ್ಡಿ ಸೋತಿದೆ. ಇದನ್ನೇ ಬಕ್ಲಿಂಗ್ ಎನ್ನುತ್ತಾರೆ. ಐದಾರು ಕಡ್ಡಿ ಹೀಗೆ ನೋಡಿ ಸರಾಸರಿ ಬರೆದಿಡಿ. ಮರದ ಜಾತಿ, ತೇವಾಂಶ ನೋಡಿಕೊಂಡು ನಿಮ್ಮ ಅಂಕಿ ಬೇರೆ ಬರಬಹುದು. ಇಲ್ಲಿ ನಾನು 5 ಕೆಜಿ ಎಂದೇ ಹಿಡಿಯುತ್ತೇನೆ.

ಈಗ ಎರಡು ಕಡ್ಡಿಗಳನ್ನು ಬೆನ್ನಿಗೆ ಬೆನ್ನು ಇಟ್ಟು, ಅಂಟಿಸದೆ, ಸುಮ್ನೆ ಒಟ್ಟಿಗೆ ಒತ್ತಿ. ಎರಡು ಕಡ್ಡಿಗೆ ಎರಡು ಪಟ್ಟು, ಅಂದರೆ ಸುಮಾರು 10 ಕೆಜಿ ಬರುತ್ತದೆ. ಅದೇ ಎರಡನ್ನು ಉದ್ದಕ್ಕೂ ಅಂಟಿಸಿ, ಒಂದು ದಿನ ಒಣಗಿಸಿ, ಮೈ ತೂಕದ ಮೆಷಿನ್ ಮೇಲೆ ಒತ್ತಿ ನೋಡಿ. ಎಂಟು ಪಟ್ಟು, 40 ಕೆಜಿ ಹತ್ತಿರ ಹೋಗುತ್ತದೆ. ಬಾಗುವುದಕ್ಕೆ ತೋರುವ ಬಿಗಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿ 2×2×2. ಅಂಟಿಲ್ಲದಿದ್ದರೆ ಎರಡು ಕಡ್ಡಿಗಳು ಒಂದರ ಮೇಲೊಂದು ಜಾರುತ್ತವೆ, ಒಂದೇ ದಪ್ಪ ಕಡ್ಡಿಯಂತೆ ನಡೆದುಕೊಳ್ಳುವುದಿಲ್ಲ.

ಉದ್ದದ ಲೆಕ್ಕ ತಿರುಗುಮುರುಗು. ಉದ್ದ ಅರ್ಧ ಮಾಡಿದರೆ ತಾಳಿಕೆ ನಾಲ್ಕು ಪಟ್ಟು. ನಮ್ಮ ಸೇತುವೆಯಲ್ಲಿ ಜಾಯಿಂಟ್‌ನಿಂದ ಜಾಯಿಂಟ್‌ಗೆ 100 ಮಿಮೀ. ಹಾಗಾಗಿ 114 ಮಿಮೀಗೆ 5 ಕೆಜಿ ಬಂದರೆ 100 ಮಿಮೀಗೆ 5 × (114/100)², ಅಂದರೆ ಸುಮಾರು 6.5 ಕೆಜಿ. ಈ 6.5 ನೆನಪಿರಲಿ.

ಎಳೆದರೆ ಏನಾಗುತ್ತದೆ? ಕೈಯಿಂದ ಎಳೆದು ಒಂದು ಕಡ್ಡಿಯನ್ನು ಹರಿಯಲು ಯತ್ನಿಸಿ. ಆಗುವುದಿಲ್ಲ. ಮರದ ಎಳೆಗಳ ಉದ್ದಕ್ಕೆ ಎಳೆದಾಗ ಇಷ್ಟು ತೆಳು ಕಡ್ಡಿ ಕೂಡ ನೂರು ಕೆಜಿಯ ಮಟ್ಟದ ಎಳೆತ ತಡೆಯಬಲ್ಲದು. ಒತ್ತಿದರೆ 6.5, ಎಳೆದರೆ ನೂರು. ಆದ್ದರಿಂದ ಎಳೆಸಿಕೊಳ್ಳುವ ಕಡ್ಡಿಯಲ್ಲಿ ಕಡ್ಡಿಗೆ ಮೊದಲು ಅಂಟು ಸೋಲುತ್ತದೆ.

ಅಂಟಿನ ಬಲ ನೋಡಲು ಒಂದು ಕಡ್ಡಿಯ ಎರಡೂ ತುದಿಗೆ ಒಂದೊಂದು ಅಡ್ಡಕಡ್ಡಿ ಅಂಟಿಸಿ. ಮೂರೂ ಕಡ್ಡಿಗಳ ಅಗಲ ಮುಖ ಒಂದರ ಮೇಲೊಂದು ಕೂರಬೇಕು. ಅಂಟಿರುವ ಜಾಗ 10 × 10 ಮಿಮೀ ಮಾತ್ರ ಇರಲಿ. ಚೆನ್ನಾಗಿ ಒಣಗಿದ ಮೇಲೆ ಇದನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ಅಡ್ಡಕಡ್ಡಿಯನ್ನು ಹತ್ತಿರ ಹತ್ತಿರ ಇಟ್ಟ ಎರಡು ಇಟ್ಟಿಗೆಗಳ ಮೇಲೆ ಕೂರಿಸಿ. ಇಟ್ಟಿಗೆಗಳ ನಡುವೆ ಎರಡೂವರೆ ಸೆಂಟಿಮೀಟರ್ ಸಂದು ಸಾಕು. ಜಾಸ್ತಿ ಬಿಟ್ಟರೆ ಅಂಟಿಗೆ ಮೊದಲು ಅಡ್ಡಕಡ್ಡಿಯೇ ಮುರಿಯುತ್ತದೆ. ಕೆಳಗಿನ ಅಡ್ಡಕಡ್ಡಿಗೆ ಎರಡೂ ಬದಿ ಹಗ್ಗ ಸುತ್ತಿ ಬಕೆಟ್ ಕಟ್ಟಿ ಮರಳು ಸುರಿಯಿರಿ. ನಿಮಗೆ 20 ಕೆಜಿಗೆ ಅಂಟು ಬಿಟ್ಟಿತು ಎಂದುಕೊಳ್ಳೋಣ.

ಭಾರದ ದಾರಿ

ಕಡ್ಡಿಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟಿಗೆ ಟ್ರಸ್ ಎನ್ನುತ್ತಾರೆ. ನಾವು ಕಟ್ಟುವುದು ವಾರೆನ್ ಟ್ರಸ್. 1848ರಲ್ಲಿ ಇಂಗ್ಲೆಂಡಿನ ಜೇಮ್ಸ್ ವಾರೆನ್ ಮತ್ತು ವಿಲ್ಲಬಿ ಮೊನ್ಝಾನಿ ಪೇಟೆಂಟ್ ಪಡೆದ ವಿನ್ಯಾಸ ಇದು. ಸಮಬಾಹು ತ್ರಿಕೋನಗಳ ಸಾಲು ಅಷ್ಟೇ. ಎಲ್ಲ ಬಾಹುಗಳೂ 100 ಮಿಮೀ. ಒಂದೇ ಉದ್ದದ ಕಡ್ಡಿ ಎಲ್ಲ ಕಡೆ ನಡೆಯುತ್ತದೆ, ಹಾಗಾಗಿ ಐಸ್‌ಕ್ರೀಂ ಕಡ್ಡಿಗೆ ಹೇಳಿ ಮಾಡಿಸಿದಂತಿದೆ.

ಕೆಳಗೆ 0, 100, 200, 300, 400 ಮಿಮೀನಲ್ಲಿ ಐದು ಜಾಯಿಂಟ್. ಮೇಲೆ 50, 150, 250, 350ರಲ್ಲಿ ನಾಲ್ಕು. ಎರಡು ಸಾಲುಗಳ ನಡುವಿನ ಎತ್ತರ 87 ಮಿಮೀ. ನಡುವೆ ಎಂಟು ಓರೆ ಕಡ್ಡಿಗಳು. ಇಂಥ ಎರಡು ಟ್ರಸ್ ಅಕ್ಕಪಕ್ಕ ನಿಂತರೆ ಸೇತುವೆ.

ಕೆಳಸಾಲಿನ ನಡು ಜಾಯಿಂಟ್‌ಗಳ ಮೇಲೆ ಸರಳು ಇಟ್ಟು ಅದಕ್ಕೆ 20 ಕೆಜಿ ಬಕೆಟ್ ನೇತುಹಾಕಿದ್ದೇವೆ ಎಂದುಕೊಳ್ಳಿ. ಪ್ರತಿ ಟ್ರಸ್‌ಗೆ 10 ಕೆಜಿ. ಎರಡೂ ಟೇಬಲ್ ಸಮನಾಗಿ ಹಂಚಿಕೊಂಡರೆ ಟ್ರಸ್‌ನ ಪ್ರತಿ ತುದಿಯಲ್ಲಿ ಟೇಬಲ್ 5 ಕೆಜಿ ಮೇಲಕ್ಕೆ ಒತ್ತುತ್ತದೆ.

ಈಗ ಭಾರದ ಜೊತೆಗೇ ನಡೆಯಿರಿ. ನಡು ಜಾಯಿಂಟ್ ಕೆಳಕ್ಕೆ ಇಳಿಯಲು ನೋಡುತ್ತದೆ. ಅದನ್ನು ಹಿಡಿದಿರುವುದು ಅಲ್ಲಿಂದ ಎರಡೂ ಬದಿಗೆ ಮೇಲಕ್ಕೆ ಹೋಗುವ ಎರಡು ಓರೆ ಕಡ್ಡಿಗಳು. ಅವು ಎಳೆಸಿಕೊಳ್ಳುತ್ತವೆ. ಆ ಎಳೆತ ಮೇಲಿನ ಜಾಯಿಂಟ್ ತಲುಪುತ್ತದೆ. ಅಲ್ಲಿಂದ ಮುಂದಿನ ಓರೆ ಕಡ್ಡಿ ಭಾರವನ್ನು ಕೆಳಕ್ಕೆ ತಳ್ಳುತ್ತದೆ, ಅಂದರೆ ತಾನು ಒತ್ತಿಸಿಕೊಳ್ಳುತ್ತದೆ. ಕೆಳಗೆ ಬಂದ ಭಾರವನ್ನು ಮತ್ತೆ ಮುಂದಿನದು ಎಳೆದು ಮೇಲಕ್ಕೆ ಒಯ್ಯುತ್ತದೆ. ಕಡೆಯ ಓರೆ ಕಡ್ಡಿ ಒತ್ತಿಸಿಕೊಂಡು ಟೇಬಲ್‌ಗೆ ಇಳಿಸುತ್ತದೆ. ಹೀಗೆ ಭಾರ ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಅಂಕುಡೊಂಕಾಗಿ ಎರಡೂ ಬದಿಗೆ ಹೋಗುತ್ತದೆ.

ಪ್ರತಿ ಓರೆ ಕಡ್ಡಿಯೂ 60 ಡಿಗ್ರಿಯಲ್ಲಿ ನಿಂತು 5 ಕೆಜಿಯನ್ನು ಲಂಬವಾಗಿ ಸಾಗಿಸಬೇಕು. ಓರೆಯಾಗಿರುವುದರಿಂದ ಅದರೊಳಗಿನ ಬಲ 5 ÷ 0.866 = 5.8 ಕೆಜಿ. ಎಂಟರಲ್ಲೂ ಇಷ್ಟೇ. ನಾಲ್ಕರಲ್ಲಿ ಎಳೆತ, ನಾಲ್ಕರಲ್ಲಿ ಒತ್ತಡ. ಅಡ್ಡ ಸಾಲುಗಳಲ್ಲಿ ಬಲ ನಡುವಿಗೆ ಬಂದಂತೆ ಏರುತ್ತದೆ. ಕೆಳಸಾಲು ಪೂರ್ತಿ ಎಳೆತದಲ್ಲಿರುತ್ತದೆ, ತುದಿಯಲ್ಲಿ 2.9, ನಡುವೆ 8.7 ಕೆಜಿ. ಮೇಲ್ಸಾಲು ಪೂರ್ತಿ ಒತ್ತಡದಲ್ಲಿ, ಬದಿಗಳಲ್ಲಿ 5.8, ನಟ್ಟನಡುವೆ 11.5. ಇಡೀ ಸೇತುವೆಯಲ್ಲಿ ಅತಿ ಹೆಚ್ಚು ಬಲ ಇರುವುದು ಆ ನಡು ತುಂಡಿನಲ್ಲೇ. ಬಕೆಟ್ 40 ಕೆಜಿ ಆದರೆ ಎಲ್ಲವೂ ಎರಡು ಪಟ್ಟು.

ಗ್ರಾಫ್ ಹಾಳೆಯ ಮೇಲೆ ಟ್ರಸ್ ಬರೆದು, ಒತ್ತಿಸಿಕೊಳ್ಳುವ ಕಡ್ಡಿಗಳಿಗೆ ಕೆಂಪು, ಎಳೆಸಿಕೊಳ್ಳುವವಕ್ಕೆ ನೀಲಿ ಸ್ಕೆಚ್ ಪೆನ್ ಹಾಕಿ. ಪ್ರತಿ ಕಡ್ಡಿಯ ಪಕ್ಕದಲ್ಲಿ ಅಂಕಿ ಬರೆಯಿರಿ.

ನೀಲಿ ಕಡ್ಡಿ ನಿಜವಾಗಿಯೂ ಎಳೆಸಿಕೊಳ್ಳುತ್ತದೆಯೇ ಎಂದು ಅನುಮಾನವಿದ್ದರೆ, ಒಂದು ಮಾದರಿಯಲ್ಲಿ ಆ ಕಡ್ಡಿಗಳ ಬದಲು ಗಟ್ಟಿ ದಾರ ಬಿಗಿದು ಅಂಟಿಸಿ. ಸೇತುವೆ ನಿಲ್ಲುತ್ತದೆ, ದಾರ ತಂತಿಯ ಹಾಗೆ ಬಿಗಿಯಾಗುತ್ತದೆ. ಕೆಂಪು ಕಡ್ಡಿಯ ಜಾಗದಲ್ಲಿ ದಾರ ಹಾಕಿದರೆ ಸರಳು ಇಡುವಷ್ಟರಲ್ಲೇ ಮಡಚಿಕೊಳ್ಳುತ್ತದೆ. ಪ್ರದರ್ಶನದ ದಿನ ಬಂದವರಿಗೆ ಇದಕ್ಕಿಂತ ಬೇಗ ಅರ್ಥವಾಗುವ ವಿವರಣೆ ನನಗೆ ಗೊತ್ತಿಲ್ಲ.

ಕಟ್ಟುವುದು

ಗ್ರಾಫ್ ಹಾಳೆಗಳನ್ನು ಜೋಡಿಸಿ ಪೂರ್ಣ ಅಳತೆಯ ಚಿತ್ರ ಬರೆದು, ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿ. ಫೆವಿಕಾಲ್ ಪ್ಲಾಸ್ಟಿಕ್‌ಗೆ ಹಿಡಿಯುವುದಿಲ್ಲ.

ಮೊದಲು ಅಡ್ಡ ಸಾಲುಗಳು. ಎರಡೂ ಸಾಲು ಮೂರು ಪದರ, ಒಟ್ಟು 6 ಮಿಮೀ ದಪ್ಪ. ಇಟ್ಟಿಗೆ ಗೋಡೆಯಲ್ಲಿ ಒಂದು ಸಾಲಿನ ಸಂದಿನ ಮೇಲೆ ಇನ್ನೊಂದು ಸಂದು ಬಾರದ ಹಾಗೆ ಇಡುತ್ತಾರಲ್ಲ, ಇಲ್ಲೂ ಹಾಗೆಯೇ. ಮೇಲ್ಸಾಲಿಗೆ ಹೊರಗಿನ ಎರಡು ಪದರಗಳಲ್ಲಿ ಮೂರು ಮೂರು ಪೂರ್ಣ ಕಡ್ಡಿ. ಒಳಪದರದಲ್ಲಿ ನಡುವೆ ಎರಡು ಪೂರ್ಣ ಕಡ್ಡಿ, ತುದಿಗಳಲ್ಲಿ ಅರ್ಧರ್ಧ. ಹೀಗೆ ಮಾಡಿದರೆ ಅತಿ ಹೆಚ್ಚು ಒತ್ತಡ ಇರುವ ನಡು ತುಂಡಿನಲ್ಲಿ ಹೊರಪದರಗಳಿಗೆ ಸಂದೇ ಬರುವುದಿಲ್ಲ. ಉದ್ದ 342 ಮಿಮೀ ಆಗುತ್ತದೆ, ಕಡೆಯ ಜಾಯಿಂಟ್‌ಗಳ ಆಚೆ 21 ಮಿಮೀ ಉಳಿಯುತ್ತದೆ. ಕೆಳಸಾಲಿಗೆ ಒಳಪದರದಲ್ಲಿ ನಾಲ್ಕು ಪೂರ್ಣ ಕಡ್ಡಿ, ಹೊರಪದರಗಳಲ್ಲಿ ನಡುವೆ ಮೂರು ಪೂರ್ಣ, ತುದಿಗೆ ಅರ್ಧರ್ಧ. ಉದ್ದ 456 ಮಿಮೀ. ಕಡ್ಡಿಯ ತುದಿ ದುಂಡಗಿರುವುದರಿಂದ ಸಂದಿನಲ್ಲಿ ಸಣ್ಣ ಖಾಲಿ ಜಾಗ ಉಳಿಯುತ್ತದೆ. ಚಿಂತೆ ಬೇಡ. ಅಲ್ಲಿ ಬಲ ಅಂಟಿನ ಮೂಲಕ ಪಕ್ಕದ ಪದರಕ್ಕೆ ದಾಟಿ ಮುಂದೆ ಹೋಗುತ್ತದೆ.

ಅಂಟು ತೆಳ್ಳಗೆ, ಎರಡೂ ಮುಖಕ್ಕೆ ಸವರಿ. ಕಡ್ಡಿಗಳ ಮೇಲೆ ಕೆಲವೊಮ್ಮೆ ನುಣುಪಾದ ಹೊಳಪು ಇರುತ್ತದೆ, ಮೊದಲು ಸ್ಯಾಂಡ್‌ಪೇಪರ್‌ನಿಂದ ಅದನ್ನು ತೆಗೆಯಿರಿ. ಕ್ಲಿಪ್ ಹಾಕಿದಾಗ ಅಂಚಿನಲ್ಲಿ ಅಂಟು ಸಣ್ಣ ಮಣಿಗಳಂತೆ ಹೊರಬಂದರೆ ಸರಿಯಾಗಿದೆ ಎಂದರ್ಥ. ಧಾರೆಯಾಗಿ ಹರಿದರೆ ಜಾಸ್ತಿಯಾಯಿತು, ಏನೂ ಬಾರದಿದ್ದರೆ ಒಳಗೆ ಒಣ ಜಾಗ ಇದೆ. ಸಾಲುಗಳನ್ನು ಚಪ್ಪಟೆ ಜಾಗದಲ್ಲಿ, ಮೇಲೆ ಪುಸ್ತಕದ ಭಾರ ಇಟ್ಟು ಒಣಗಿಸಿ. ಇಲ್ಲಿ ಬಂದ ಬಾಗು ಮುಂದೆ ಹೋಗುವುದಿಲ್ಲ, ಬಕ್ಲಿಂಗ್ ಅಲ್ಲಿಂದಲೇ ಶುರುವಾಗುತ್ತದೆ.

ನಂತರ ಓರೆ ಕಡ್ಡಿಗಳು. ಒಂದು ದಿಕ್ಕಿಗೆ ವಾಲಿದ ನಾಲ್ಕನ್ನು ಸಾಲುಗಳ ಮುಂದಿನ ಮುಖಕ್ಕೆ, ಇನ್ನೊಂದು ದಿಕ್ಕಿಗೆ ವಾಲಿದ ನಾಲ್ಕನ್ನು ಹಿಂದಿನ ಮುಖಕ್ಕೆ ಅಂಟಿಸಿ. ಆಗ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ, ಕತ್ತರಿಸುವ ಕೆಲಸವೂ ಇಲ್ಲ. ಕಡ್ಡಿಗಳ ನಡುಗೆರೆಗಳು ಜಾಯಿಂಟ್‌ನಲ್ಲಿ ಒಂದೇ ಬಿಂದುವಿನಲ್ಲಿ ಸೇರಬೇಕು. ಅರ್ಧ ಸೆಂಟಿಮೀಟರ್ ಆಚೀಚೆ ಆದರೂ ಜಾಯಿಂಟ್ ತಿರುಚಿಕೊಳ್ಳುತ್ತದೆ, ನಮ್ಮ ಲೆಕ್ಕದಲ್ಲಿ ಇಲ್ಲದ ಬಾಗು ಕಡ್ಡಿಗೆ ಬರುತ್ತದೆ. ಎರಡನೇ ಟ್ರಸ್ ಅನ್ನು ಮೊದಲನೆಯದರ ಕನ್ನಡಿ ಪ್ರತಿಬಿಂಬದಂತೆ ಕಟ್ಟಿ. ಓರೆ ಕಡ್ಡಿಗಳು ಮುಂದೆ ಹಿಂದೆ ಇರುವುದರಿಂದ ಟ್ರಸ್‌ಗೆ ಬರುವ ಅಲ್ಪ ತಿರುಚು ಆಗ ಒಂದರದ್ದು ಇನ್ನೊಂದಕ್ಕೆ ವಜಾ ಆಗುತ್ತದೆ.

ಈಗ ಆ ಎಂಟು ಹೆಚ್ಚುವರಿ ಕಡ್ಡಿಗಳು, ಟ್ರಸ್‌ಗೆ ನಾಲ್ಕರಂತೆ. ಒಂದು ಸೇತುವೆಯಲ್ಲಿ ಕೆಂಪು ಓರೆ ಕಡ್ಡಿಗಳ ಮೇಲೆ ಇನ್ನೊಂದೊಂದನ್ನು ಉದ್ದಕ್ಕೂ ಅಂಟಿಸಿ ಜೋಡಿ ಮಾಡಿ. ಅದನ್ನು ಕೆಂಪು ಸೇತುವೆ ಎನ್ನೋಣ. ಇನ್ನೊಂದರಲ್ಲಿ ನೀಲಿ ಓರೆ ಕಡ್ಡಿಗಳನ್ನು ಜೋಡಿ ಮಾಡಿ. ಅದು ನೀಲಿ ಸೇತುವೆ.

ಸರಳು ಕೂರಲು ಜಾಗ ಬೇಕು. ನಡು ಜಾಯಿಂಟ್‌ನಲ್ಲಿ ಎರಡು ಓರೆ ಕಡ್ಡಿಗಳು ಸೇರಿ ಕವೆಯಾಗಿರುತ್ತವೆ. ಸರಳನ್ನು ನೇರವಾಗಿ ಕವೆಯೊಳಗೆ ಇಟ್ಟರೆ ಅದು ಬೆಣೆಯ ಹಾಗೆ ಕಡ್ಡಿಗಳನ್ನು ಅಗಲಿಸುತ್ತದೆ. ಅದಕ್ಕೆ 25 ಮಿಮೀ ಉದ್ದದ ಮೂರು ತುಂಡುಗಳನ್ನು ಒಟ್ಟಿಗೆ ಅಂಟಿಸಿ 6 ಮಿಮೀ ದಪ್ಪದ ಗಿಡ್ಡ ಕಂಬ ಮಾಡಿ. ಮುಂದಿನ ಮತ್ತು ಹಿಂದಿನ ಓರೆ ಕಡ್ಡಿಗಳ ನಡುವಿನ ಸಂದಿಗೆ ಅದನ್ನು ಇಳಿಸಿ, ಕೆಳಸಾಲಿನ ಮೇಲೆ ನಿಲ್ಲಿಸಿ, ಎರಡೂ ಬದಿ ಅಂಟಿಸಿ. ಸರಳು ಇದರ ತಲೆಯ ಮೇಲೆ ಕೂರುತ್ತದೆ, ಓರೆ ಕಡ್ಡಿಗಳನ್ನು ಮುಟ್ಟುವುದಿಲ್ಲ.

ಕೊನೆಗೆ ಎರಡು ಟ್ರಸ್‌ಗಳನ್ನು ನಡುವೆ 60 ಮಿಮೀ ಬಿಟ್ಟು ನಿಲ್ಲಿಸಿ. ಪ್ರತಿ ಜಾಯಿಂಟ್‌ನಲ್ಲಿ 75 ಮಿಮೀ ಅಡ್ಡತುಂಡು, ಮೇಲೂ ಕೆಳಗೂ. ಎರಡು ಅಡ್ಡತುಂಡುಗಳ ನಡುವೆ ಒಂದೊಂದು ಓರೆ ತುಂಡು. ತುದಿಯ ಓರೆ ಕಡ್ಡಿಗಳ ಮೇಲೆ ಗುಣಿಸು ಗುರುತಿನ ಆಕಾರದಲ್ಲಿ ಎರಡೆರಡು. ಇದನ್ನೆಲ್ಲ ಅಲಂಕಾರ ಎಂದುಕೊಂಡು ಕೈಬಿಡುವವರಿದ್ದಾರೆ. ಮೇಲ್ಸಾಲು ಒತ್ತಡದಲ್ಲಿದೆ ಎಂದು ನೋಡಿದೆವು ಅಲ್ವಾ? ಅಡ್ಡಬಂಧ ಇದ್ದರೆ ಅದು 100 ಮಿಮೀ ಕಡ್ಡಿಯಂತೆ ನಿಲ್ಲುತ್ತದೆ. ಇಲ್ಲದಿದ್ದರೆ ಇಡೀ 300 ಮಿಮೀ ಒಂದೇ ಕಡ್ಡಿಯಂತೆ ಪಕ್ಕಕ್ಕೆ ಬಾಗಬಹುದು. ಉದ್ದ ಮೂರು ಪಟ್ಟು, ತಾಳಿಕೆ ಒಂಬತ್ತನೇ ಒಂದು ಪಾಲು.

ಕೆಳಸಾಲಿನ ಅಡಿಯಲ್ಲಿ ಓರೆ ಕಡ್ಡಿಗಳ ತುದಿ ಒಂದೆರಡು ಮಿಲಿಮೀಟರ್ ಇಣುಕುತ್ತಿರುತ್ತದೆ. ಟೇಬಲ್ ಮೇಲೆ ಕೂರುವ ಕಡೆ ಅದನ್ನು ಉಜ್ಜಿ ಸಮ ಮಾಡಿ. ಕನಿಷ್ಠ ಒಂದು ಪೂರ್ತಿ ದಿನ ಒಣಗಲಿ, ಮಳೆಗಾಲವಾದರೆ ಎರಡು.

ಮುರಿಯುವ ಮೊದಲು ಬರೆಯಬೇಕಾದ್ದು

ನೀಲಿ ಸೇತುವೆ: ಒತ್ತಿಸಿಕೊಳ್ಳುವ ಓರೆ ಕಡ್ಡಿ ಒಂಟಿ. ತಾಳಿಕೆ 6.5 ಕೆಜಿ. 20 ಕೆಜಿ ಬಕೆಟ್‌ಗೆ ಅದರಲ್ಲಿ 5.8 ಬರುತ್ತದೆ. ಹಾಗಾದರೆ 20 × 6.5 ÷ 5.8, ಸುಮಾರು 22 ಕೆಜಿಗೆ ಅದು ಬಾಗಲು ಶುರುವಾಗಬೇಕು. ನಿಜದಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಬರುವ ಸಾಧ್ಯತೆ ಇದೆ. ತಕ್ಕಡಿಯ ಮೇಲೆ ಕಡ್ಡಿಯ ತುದಿಗಳು ಸಲೀಸಾಗಿ ತಿರುಗುತ್ತಿದ್ದವು, ಸೇತುವೆಯಲ್ಲಿ ಅಂಟು ಅವನ್ನು ಹಿಡಿದಿಡುತ್ತದೆ. ಜಾಯಿಂಟ್ ಬಿಗಿಯಾಗಿದ್ದರೆ ಎರಡು ಪಟ್ಟಿನವರೆಗೂ ಹೋಗಬಹುದು. ಆದರೆ ಸೋಲುವ ಜಾಗ ಬದಲಾಗುವುದಿಲ್ಲ.

ಕೆಂಪು ಸೇತುವೆ: ಒತ್ತಿಸಿಕೊಳ್ಳುವ ಓರೆ ಕಡ್ಡಿ ಜೋಡಿ, ತಾಳಿಕೆ 6.5 × 8 = 52 ಕೆಜಿ. ಅದು ಬಾಗಲು 180 ಕೆಜಿ ಹತ್ತಿರದ ಬಕೆಟ್ ಬೇಕು. ಅಷ್ಟು ದೂರ ಹೋಗುವ ಮೊದಲೇ ಅಂಟು ಬಿಡುತ್ತದೆ. ಜಾಯಿಂಟ್‌ನ ಅಂಟು 20 ಕೆಜಿ ತಡೆಯುತ್ತದೆ ಎಂದು ನೋಡಿದ್ದೆವು. 20 × 20 ÷ 5.8, ಅಂದರೆ ಸುಮಾರು 69 ಕೆಜಿ. ಎಂಟು ಕಡ್ಡಿಗಳ ಜಾಗ ಬದಲಿಸಿದ್ದಕ್ಕೆ ಸೋಲುವ ಬಗೆಯೇ ಬೇರೆಯಾಯಿತು.

ಎರಡೂ ಊಹೆಗಳನ್ನು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ. ಮುರಿದ ಮೇಲೆ "ಇದೇ ಮುರಿಯುತ್ತೆ ಅಂತ ನನಗೆ ಗೊತ್ತಿತ್ತು" ಎನ್ನುವುದಕ್ಕೆ ಬೆಲೆ ಇಲ್ಲ.

ಮುರಿಯುವುದು

ಎರಡು ಗಟ್ಟಿ ಟೇಬಲ್‌ಗಳ ಮೇಲೆ ಸೇತುವೆ ಕೂರಿಸಿ. ಆಧಾರ ಕಡೆಯ ಜಾಯಿಂಟ್‌ನ ನೇರ ಕೆಳಗೇ ಬರಬೇಕು. ಅಲ್ಲಿ ಒಂದು ಸಣ್ಣ ಮರದ ಪಟ್ಟಿ ಇಟ್ಟು ಅದರ ಮೇಲೆ ಕೂರಿಸಿದರೆ ಜಾಗ ಖಚಿತವಾಗುತ್ತದೆ. ಆಧಾರ ಜಾಯಿಂಟ್ ಬಿಟ್ಟು ಒಳಗೆ ಸರಿದರೆ ಕೆಳಸಾಲು ಬಾಗಿ ಅಲ್ಲೇ ಮುರಿಯುತ್ತದೆ, ಟ್ರಸ್‌ನ ಪರೀಕ್ಷೆಯೇ ಆಗುವುದಿಲ್ಲ.

ಸರಳು ಎರಡೂ ಗಿಡ್ಡ ಕಂಬಗಳ ಮೇಲೆ ಇರಲಿ, ಹಗ್ಗ ಸರಳಿನ ನಟ್ಟನಡುವೆ. ಕೆಳಗಿನ ಅಡ್ಡತುಂಡು ಹಗ್ಗಕ್ಕೆ ಅಡ್ಡ ಬಂದರೆ ಅದನ್ನು ಸ್ವಲ್ಪ ಪಕ್ಕಕ್ಕೆ ಅಂಟಿಸಿರಬೇಕು. ಬಕೆಟ್ ನೆಲದಿಂದ ನಾಲ್ಕು ಬೆರಳು ಮೇಲೆ ಮಾತ್ರ ನೇತಾಡಲಿ, ಕೆಳಗೆ ಮಡಚಿದ ಗೋಣಿಚೀಲ ಹಾಸಿ. ಕಡ್ಡಿಯ ಚೂರು ಕಣ್ಣಿಗೆ ಹಾರಬಹುದು, ಕನ್ನಡಕ ಹಾಕಿಕೊಳ್ಳಿ. ಬಕೆಟ್ ಅಡಿಗೆ ಕಾಲು, ಸೇತುವೆಯೊಳಗೆ ಬೆರಳು ಬೇಡ.

ಮರಳನ್ನು ಮಗ್‌ನಿಂದ ಬದಿಗೆ ಮೆಲ್ಲಗೆ ಸುರಿಯಿರಿ. ಮೇಲಿಂದ ಸುರಿದರೆ ಬೀಳುವ ಹೊಡೆತವೂ ಸೇರುತ್ತದೆ. ಪ್ರತಿ 2 ಕೆಜಿಗೆ ಅರ್ಧ ನಿಮಿಷ ನಿಲ್ಲಿಸಿ, ನಡು ಎಷ್ಟು ಇಳಿದಿದೆ ಎಂದು ಸ್ಕೇಲ್‌ನಲ್ಲಿ ನೋಡಿ. 20 ಲೀಟರ್ ಪೇಂಟ್ ಬಕೆಟ್ ಒಣ ಮರಳಿಗೆ 30 ಕೆಜಿ ಆಸುಪಾಸಿನಲ್ಲಿ ತುಂಬುತ್ತದೆ. ಅದನ್ನು ಮೀರಿದರೆ ಬಕೆಟ್ ಇಳಿಸಿ, ಗಟ್ಟಿ ಗೋಣಿಚೀಲಕ್ಕೆ ಬದಲಿಸಿ. ಮೊಬೈಲ್ ಎರಡಿದ್ದರೆ ಒಂದು ಪಕ್ಕದಿಂದ, ಒಂದು ತುದಿಯಿಂದ ಸ್ಲೋ ಮೋಷನ್‌ನಲ್ಲಿ ಇಡಿ. ಒಂದೇ ಇದ್ದರೆ ತುದಿಯಿಂದಲೇ ಇಡಿ. ನಮ್ಮ ಕಡ್ಡಿಗಳು ಟ್ರಸ್‌ನ ಸಮತಲದಿಂದ ಹೊರಕ್ಕೆ ಬಾಗುತ್ತವೆ, ಪಕ್ಕದಿಂದ ನೋಡಿದರೆ ಅದು ಕಾಣುವುದೇ ಇಲ್ಲ.

ಇಳಿತ ಭಾರಕ್ಕೆ ತಕ್ಕಂತೆ ಸಮನಾಗಿ ಏರುತ್ತಿದ್ದರೆ ಎಲ್ಲ ಸರಿ. ಒಮ್ಮೆಲೇ ಜಾಸ್ತಿ ಏರತೊಡಗಿದರೆ ಎಲ್ಲೋ ಏನೋ ಸೋಲುತ್ತಿದೆ. ನೀಲಿ ಸೇತುವೆಯಲ್ಲಿ ಆ ಹೊತ್ತಿಗೆ ಕೆಂಪು ಕಡ್ಡಿಯೊಂದು ಹೊರಕ್ಕೆ ಉಬ್ಬುವುದು ಕಣ್ಣಿಗೇ ಕಾಣುತ್ತದೆ. ಕೆಂಪು ಸೇತುವೆ ಅಂಥ ಮುನ್ಸೂಚನೆ ಕೊಡುವುದು ಕಡಿಮೆ. ಅಂಟು ಒಂದೆರಡು ಸಲ ಚಟಚಟ ಎಂದು ಥಟ್ಟನೆ ಬಿಡುತ್ತದೆ.

ಮುರಿದ ಮೇಲೆ ಓದುವುದು

ತುಂಡುಗಳನ್ನು ಗುಡಿಸಿ ಎಸೆಯಬೇಡಿ, ಚಿತ್ರದ ಮೇಲೆ ಅವುಗಳ ಜಾಗದಲ್ಲೇ ಜೋಡಿಸಿ. ವಿಡಿಯೋದಲ್ಲಿ ಮೊದಲು ಅಲುಗಿದ್ದು ಯಾವುದು ಎಂದು ಹುಡುಕಿ. ಮಿಕ್ಕಿದ್ದೆಲ್ಲ ಅದರ ಹಿಂದೆ ಬಿದ್ದದ್ದು.

ಕಡ್ಡಿ ನಡುಮಧ್ಯೆ ಮುರಿದು, ಒಂದು ಮುಖದಲ್ಲಿ ಎಳೆಗಳು ಉದ್ದಕ್ಕೆ ಸಿಗಿದು ಇನ್ನೊಂದು ಮುಖ ಜಜ್ಜಿದಂತಿದ್ದರೆ ಅದು ಬಾಗಿ ಮುರಿದದ್ದು. ಜಾಯಿಂಟ್ ಬಿಟ್ಟಿದ್ದರೆ ಅಂಟಿನ ಮುಖವನ್ನು ಬೆಳಕಿಗೆ ಹಿಡಿಯಿರಿ. ಮರದ ನಾರು ಕಿತ್ತು ಅಂಟಿಕೊಂಡಿದ್ದರೆ ಅಂಟು ಚೆನ್ನಾಗಿತ್ತು, ಮರವೇ ಸೋತಿತು. ಗಾಜಿನಂತೆ ನುಣುಪಾಗಿ ಹೊಳೆಯುತ್ತಿದ್ದರೆ ಅಂಟು ಹಿಡಿದೇ ಇರಲಿಲ್ಲ. ಆ ಸೇತುವೆಯ ಅಂಕಿ ನಿಮ್ಮ ಉಜ್ಜುವಿಕೆಯ ಬಗ್ಗೆ ಹೇಳುತ್ತದೆ, ಟ್ರಸ್ ಬಗ್ಗೆ ಹೇಳುವುದಿಲ್ಲ. ಎರಡು ಟ್ರಸ್‌ಗಳೂ ಒಂದೇ ಕಡೆಗೆ ವಾಲಿ ಮಲಗಿದ್ದರೆ ಅಡ್ಡಬಂಧ ಸಾಲದಾಗಿತ್ತು.

ಕಡ್ಡಿ ಬಾಗುವುದು, ಜಾಯಿಂಟ್ ಬಿಡುವುದು, ಈ ಎರಡೂ ಬಗೆಯಲ್ಲಿ ನಿಜದ ಸೇತುವೆಗಳೂ ಬಿದ್ದಿವೆ. ಕೆನಡಾದ ಕ್ವಿಬೆಕ್ ಸೇತುವೆ ಕಟ್ಟುತ್ತಿರುವಾಗಲೇ 1907ರ ಆಗಸ್ಟ್ 29ರಂದು ಕುಸಿದು 75 ಕೆಲಸಗಾರರು ಸತ್ತರು. ಅಲ್ಲಿ ಒತ್ತಿಸಿಕೊಳ್ಳುತ್ತಿದ್ದ ದೊಡ್ಡ ಭಾಗವನ್ನು ಹಲವು ಉಕ್ಕಿನ ಫಲಕಗಳನ್ನು ಜೋಡಿಸಿ ಮಾಡಿದ್ದರು. ಅವನ್ನು ಒಟ್ಟಿಗೆ ಹಿಡಿದಿದ್ದ ಜಾಲರಿ ಪಟ್ಟಿಗಳು ಸಾಲದೆ ಅದು ಬಾಗಿತು. ತಕ್ಕಡಿಯ ಮೇಲೆ ಅಂಟಿಸದೆ ಒತ್ತಿದ ಆ ಎರಡು ಕಡ್ಡಿಗಳ ಕಥೆಯೇ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2007ರ ಆಗಸ್ಟ್ 1ರಂದು ಹೆದ್ದಾರಿ ಸೇತುವೆ ಬಿದ್ದು 13 ಜನ ಸತ್ತರು. ಅಲ್ಲಿ ಸೋತದ್ದು ಜಾಯಿಂಟ್. ಉಕ್ಕಿನ ತೊಲೆಗಳನ್ನು ಸೇರಿಸುವ ಗಸೆಟ್ ಪ್ಲೇಟ್‌ಗಳು ಇರಬೇಕಾದ ದಪ್ಪದ ಅರ್ಧದಷ್ಟೇ ಇದ್ದವು.

ಸರಳನ್ನು ಸರಿಸಿದರೆ

ಸಮಯವಿದ್ದರೆ ಮೂರನೇ ಪರೀಕ್ಷೆ ಮಾಡಿ. 100 ಮಿಮೀ ಜಾಯಿಂಟ್‌ನಲ್ಲೂ ಗಿಡ್ಡ ಕಂಬ ಇಟ್ಟು ಇನ್ನೊಂದು ನೀಲಿ ಸೇತುವೆ ಕಟ್ಟಿ, ಸರಳನ್ನು ಅಲ್ಲಿಗೆ ಸರಿಸಿ. 20 ಕೆಜಿ ಬಕೆಟ್‌ಗೆ ಹತ್ತಿರದ ಟೇಬಲ್ ಈಗ ಪ್ರತಿ ಟ್ರಸ್‌ಗೆ 7.5 ಕೆಜಿ ಕೊಡುತ್ತದೆ, ದೂರದ್ದು 2.5. ಹತ್ತಿರದ ತುದಿಯ ಕೆಂಪು ಕಡ್ಡಿಯಲ್ಲಿ 7.5 ÷ 0.866 = 8.7 ಕೆಜಿ ಒತ್ತಡ. ಒಂಟಿ ಕಡ್ಡಿಯ 6.5 ಅನ್ನು ಅದು ಆಗಲೇ ಮೀರಿದೆ. ಲೆಕ್ಕದ ಪ್ರಕಾರ 15 ಕೆಜಿಗೇ ಅದು ಬಾಗಬೇಕು.

ಇನ್ನೊಂದು ಸ್ವಾರಸ್ಯವಿದೆ. 150ರ ಮೇಲಿನ ಜಾಯಿಂಟ್‌ನಿಂದ ನಡು ಜಾಯಿಂಟ್‌ಗೆ ಇಳಿಯುವ ನೀಲಿ ಕಡ್ಡಿಯಲ್ಲಿ ಈಗ 2.9 ಕೆಜಿ ಒತ್ತಡ. ಅದರ ಪಕ್ಕದ ಕೆಂಪು ಕಡ್ಡಿಯಲ್ಲಿ ಅಷ್ಟೇ ಎಳೆತ. ಇಬ್ಬರೂ ಕೆಲಸ ಅದಲುಬದಲು ಮಾಡಿಕೊಂಡಿದ್ದಾರೆ. ಟ್ರಸ್ ಸೇತುವೆಯ ಮೇಲೆ ರೈಲು ದಾಟುವಾಗ ನಡುವಿನ ಓರೆ ಕಡ್ಡಿಗಳಿಗೆ ಹೀಗೆಯೇ ಆಗುತ್ತದೆ. ನೀಲಿ ಕಡ್ಡಿಗಳ ಬದಲು ದಾರ ಹಾಕಿದ ಮಾದರಿ ಇದ್ದರೆ ಅದರ ಮೇಲೂ ಸರಳನ್ನು ನಡುವಿನಿಂದ ತುದಿಗೆ ಒಂದೊಂದೇ ಜಾಯಿಂಟ್ ಸರಿಸಿ ನೋಡಿ. ಯಾವ ಜಾಗಕ್ಕೆ ಬಂದಾಗ ದಾರ ಸಡಿಲವಾಗುತ್ತದೆ ಎಂದು ಗುರುತು ಹಾಕಿ.